ಕಂತು ಇಳಿದರೆ ಸಾಲ ಇಳಿದಂತಲ್ಲ

“ಮೇಡಂ, ಹೋಂ ಲೋನ್‌ಗೆ ಎಷ್ಟು ಪರ್ಸೆಂಟ್ ಕಟ್ತಿದೀರಿ? ಒಂಬತ್ತಾ? ನಮ್ಮ ಬ್ಯಾಂಕಲ್ಲಿ ಎಂಟಕ್ಕೇ ಸಿಗುತ್ತೆ. ತಿಂಗಳ ಕಂತಲ್ಲಿ ಏಳು ಸಾವಿರ ಉಳಿಸಿಕೊಡ್ತೀನಿ.”

ಮನೆ ಸಾಲ ಇರುವವರಿಗೆ ಇಂಥ ಫೋನು ಹೊಸತಲ್ಲ. ಕರೆ ಮಾಡಿದ ಹುಡುಗ ಸುಳ್ಳು ಹೇಳುತ್ತಿಲ್ಲ. ಬಡ್ಡಿ ನಿಜವಾಗಿಯೂ ಶೇ 8, ಕಂತು ನಿಜವಾಗಿಯೂ ಏಳು ಸಾವಿರ ಇಳಿಯುತ್ತದೆ. ಆದರೆ ಅವನು ಹೇಳಿದಂತೆಯೇ ಸಹಿ ಹಾಕಿದರೆ ಆ ಮನೆಯವರು ಈಗ ಕಟ್ಟಬೇಕಾದದ್ದಕ್ಕಿಂತ ಏಳು ಲಕ್ಷ ಹೆಚ್ಚು ಕಟ್ಟುವ ಸಾಧ್ಯತೆಯೂ ಇದೆ. ಬಡ್ಡಿ ಕಡಿಮೆಯಾದ ಮೇಲೂ ಹೀಗೆ ಆಗುವುದು ಹೇಗೆ ಎಂಬುದು ತಿಳಿದರೆ, ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ವ್ಯವಹಾರ ಮುಕ್ಕಾಲು ಪಾಲು ತಿಳಿದಂತೆ. ಬ್ಯಾಂಕಿನವರು ಇದನ್ನು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಥವಾ ಟೇಕ್‌ಓವರ್ ಎನ್ನುತ್ತಾರೆ.

ಲೆಕ್ಕಕ್ಕಾಗಿ ಮೈಸೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ, ಗಂಡ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಐದು ವರ್ಷದ ಹಿಂದೆ ಒಂದು ಗೃಹಸಾಲ ಕಂಪನಿಯಿಂದ ಸಾಲ ಮಾಡಿ ಮನೆ ಕೊಂಡರು. ಈಗ ಉಳಿದಿರುವ ಅಸಲು 40 ಲಕ್ಷ, ಉಳಿದಿರುವ ಅವಧಿ 15 ವರ್ಷ, ಬಡ್ಡಿ ಶೇ 9. ತಿಂಗಳ ಕಂತು 40,571 ರೂಪಾಯಿ.

ಹಳೆಯ ಗಿರಾಕಿಗೆ ಹೆಚ್ಚು ಬಡ್ಡಿ ಏಕೆ?

ಒಂದೇ ಊರಿನಲ್ಲಿ, ಒಂದೇ ಸಂಬಳದವರಲ್ಲಿ ಒಬ್ಬರಿಗೆ ಶೇ 9, ಇನ್ನೊಬ್ಬರಿಗೆ ಶೇ 8 ಹೇಗೆ? ಬದಲಾಗುವ ಬಡ್ಡಿಯ ಸಾಲದಲ್ಲಿ ಎರಡು ತುಂಡುಗಳಿರುತ್ತವೆ. ಒಂದು, ಮಾರುಕಟ್ಟೆಯ ಜೊತೆ ಏರಿಳಿಯುವ ಮೂಲ ದರ. ಇನ್ನೊಂದು, ಅದರ ಮೇಲೆ ಸಾಲ ಕೊಡುವವರು ತಮ್ಮ ಖರ್ಚು, ಲಾಭ ಮತ್ತು ಅಪಾಯಕ್ಕೆಂದು ಸೇರಿಸುವ ಅಂತರ; ಇದಕ್ಕೆ ಸ್ಪ್ರೆಡ್ ಎಂದು ಹೆಸರು.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಮನೆ ಸಾಲಗಳ ಮೂಲ ದರ ರೆಪೊ ದರದಂಥ ಹೊರಗಿನ ಅಳತೆಗೋಲಿಗೆ ಅಂಟಿಕೊಂಡಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಅದನ್ನು ಹೊಂದಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ 6.50ರಿಂದ ಶೇ 5.25ಕ್ಕೆ ಇಳಿದಾಗ ಇಂಥ ಸಾಲಗಳ ಬಡ್ಡಿಯೂ ಜೊತೆಜೊತೆಗೆ ಇಳಿಯಿತು. ಅದಕ್ಕೂ ಮುಂಚಿನ ಸಾಲಗಳು ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಎಂಬ ಹಳೆಯ ಪದ್ಧತಿಯಲ್ಲೇ ಉಳಿದಿದ್ದರೆ ಇಳಿಕೆ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ಗೃಹಸಾಲ ಕಂಪನಿಗಳಿಗೆ ಈ ರೆಪೊ ಕಟ್ಟುಪಾಡು ಇಲ್ಲ. ಅವು ತಮ್ಮದೇ ಮೂಲ ದರ ಇಟ್ಟುಕೊಂಡಿರುತ್ತವೆ. ನಮ್ಮ ಶಿಕ್ಷಕಿಯ ಸಾಲ ಇರುವುದು ಅಲ್ಲಿ.

ಇನ್ನು ಸ್ಪ್ರೆಡ್. ಹೊಸ ಗಿರಾಕಿಯನ್ನು ಸೆಳೆಯಲು ಅದನ್ನು ತಗ್ಗಿಸುತ್ತಾರೆ. ಹಳೆಯವರಿಗೆ ಕರಾರಿನಲ್ಲಿ ಬರೆದದ್ದೇ ಮುಂದುವರಿಯುತ್ತದೆ. ಹೀಗಾಗಿ ರೆಪೊ ಎಷ್ಟೇ ಇಳಿದರೂ ಹೊಸಬರಿಗೂ ಹಳಬರಿಗೂ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಮೊದಲು ನಿಮ್ಮ ಬಾಗಿಲನ್ನೇ ತಟ್ಟಿ

ಆದ್ದರಿಂದ ಮೊದಲ ಹೆಜ್ಜೆ ಹೊಸ ಬ್ಯಾಂಕಿಗಲ್ಲ, ಈಗ ಸಾಲ ಕೊಟ್ಟವರ ಬಳಿಗೇ. “ಹೊಸ ಗಿರಾಕಿಗಳಿಗೆ ಕೊಡುವ ದರವನ್ನು ನನಗೂ ಕೊಡಿ” ಎಂದು ಬರಹದಲ್ಲಿ ಕೇಳಬೇಕು. ಹೊರಗಿನ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ದರ ಇಳಿಸಲು ಕನ್ವರ್ಷನ್ ಅಥವಾ ಸ್ವಿಚ್ ಶುಲ್ಕ ಎಂದು ಒಂದಿಷ್ಟು ಕೇಳುವುದುಂಟು.

ಬ್ಯಾಂಕಿನಲ್ಲಿಯೇ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಸಾಲ ಇರುವವರಿಗೆ ಇನ್ನೊಂದು ಅನುಕೂಲವಿದೆ. ದಂಡವಿಲ್ಲದೆ ಸಾಲ ತೀರಿಸುವ ಹಕ್ಕು ಇರುವ ಇಂಥವರು ರೆಪೊ ಪದ್ಧತಿಗೆ ಬದಲಾಗಬಯಸಿದರೆ, ಆಡಳಿತ ಮತ್ತು ಕಾನೂನು ಕೆಲಸದ ನ್ಯಾಯವಾದ ಖರ್ಚನ್ನು ಬಿಟ್ಟು ಬೇರೆ ಶುಲ್ಕ ವಿಧಿಸುವಂತಿಲ್ಲ ಎಂದು 2019ರ ಸುತ್ತೋಲೆಯೇ ಹೇಳಿದೆ. ಇದು ಬ್ಯಾಂಕುಗಳಿಗೆ ಮಾತ್ರ, ಗೃಹಸಾಲ ಕಂಪನಿಗಳಿಗೆ ಅನ್ವಯಿಸದು.

ನಮ್ಮ ದಂಪತಿ ಕೇಳಿದಾಗ ಅವರ ಕಂಪನಿ ಬಡ್ಡಿಯನ್ನು ಶೇ 8.25ಕ್ಕೆ ಇಳಿಸಲು ಒಪ್ಪಿತು ಎನ್ನೋಣ. ಶುಲ್ಕ 5,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 5,900. ಕಂತು 40,571ರಿಂದ 38,806ಕ್ಕೆ ಇಳಿಯುತ್ತದೆ. ದಾಖಲೆ ಪತ್ರ ಒಂದೂ ಅಲುಗಾಡಬೇಕಿಲ್ಲ. ಈಗ ಹೊಸ ಬ್ಯಾಂಕು ಸ್ಪರ್ಧಿಸಬೇಕಾದದ್ದು ಶೇ 9ರ ಜೊತೆಗಲ್ಲ, ಈ 8.25ರ ಜೊತೆಗೆ.

ಸಾಗಿಸುವ ಖರ್ಚು

ಹೊಸ ಬ್ಯಾಂಕಿನ ದರ ಶೇ 8. ಅದೇ 15 ವರ್ಷಕ್ಕೆ ಕಂತು 38,226 ರೂಪಾಯಿ. ಈಗಿನ ಕಂತಿಗಿಂತ ತಿಂಗಳಿಗೆ 2,345 ಕಡಿಮೆ, 15 ವರ್ಷಕ್ಕೆ ಸುಮಾರು 4.22 ಲಕ್ಷ ಉಳಿತಾಯ. ಇದರ ಎದುರು ಖರ್ಚುಗಳನ್ನು ಇಡೋಣ.

ಹಳೆಯ ಸಾಲವನ್ನು ಮುಂಚಿತವಾಗಿ ಮುಗಿಸಿದ್ದಕ್ಕೆ ದಂಡ ಎಷ್ಟು ಎಂಬುದು ಎಲ್ಲರ ಮೊದಲ ಭಯ. ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಇಂಥ ದಂಡ ಇಲ್ಲ. ಬ್ಯಾಂಕುಗಳಿಗೆ ಇದು 2012ರಿಂದಲೇ ನಿಷಿದ್ಧ, ಗೃಹಸಾಲ ಕಂಪನಿಗಳಿಗೂ ಹಾಗೆಯೇ. ನಿಶ್ಚಿತ ಬಡ್ಡಿಯ ಸಾಲವಾದರೆ, ಅಥವಾ ಮೊದಲ ಕೆಲವು ವರ್ಷ ನಿಶ್ಚಿತ ಬಡ್ಡಿ ಎಂಬ ಕರಾರಿದ್ದರೆ, ಶುಲ್ಕ ಬೀಳಬಹುದು. ಕರಾರು ಪತ್ರ ತೆಗೆದು ಓದಬೇಕಾದ ಜಾಗ ಇದು.

ಎರಡನೆಯದು ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ. ಸಾಲದ ಕಾಲು ಪರ್ಸೆಂಟ್ ಎಂದು ಹಿಡಿದರೆ 10,000, ಜಿಎಸ್‌ಟಿ ಸೇರಿ 11,800. ಹಬ್ಬದ ಸಮಯದ ಕೊಡುಗೆಗಳಲ್ಲಿ ಮನ್ನಾ ಆಗುವುದೂ ಇದನ್ನೇ. ಮೂರನೆಯದು ವಕೀಲರ ಪರಿಶೀಲನೆ ಮತ್ತು ಎಂಜಿನಿಯರ್ ಬಂದು ಮನೆಗೆ ಬೆಲೆ ಕಟ್ಟುವ ವೆಚ್ಚ. ನಮ್ಮ ಲೆಕ್ಕಕ್ಕೆ 6,000.

ಬಹಳ ಜನ ಲೆಕ್ಕಕ್ಕೇ ಹಿಡಿಯದೆ ಕೊನೆಗೆ ಬೆಚ್ಚಿಬೀಳುವುದು ನಾಲ್ಕನೆಯದಕ್ಕೆ. ಮನೆಯ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಡುವಾಗ ಹಕ್ಕುಪತ್ರಗಳ ಠೇವಣಿ ಕರಾರು ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಬ್ಯಾಂಕಿನ ಮೇಜಿನ ಮೇಲೆ ಇದರ ಹೆಸರು ಎಂಒಡಿ, ಎಂಒಡಿಟಿ ಅಥವಾ ಡಿಟಿಡಿ. ಐದು ವರ್ಷದ ಹಿಂದೆ ಇದಕ್ಕೆ ಕಟ್ಟಿದ ಮುದ್ರಾಂಕ ಶುಲ್ಕ ಹಳೆಯ ಸಾಲದ ಜೊತೆಗೇ ಮುಗಿಯುತ್ತದೆ. ಹೊಸ ಬ್ಯಾಂಕಿಗೆ ಮತ್ತೆ ಮೊದಲಿನಿಂದ ಕಟ್ಟಬೇಕು. ಇದು ಸಾಲದ ಮೊತ್ತದ ಇಂತಿಷ್ಟು ಪಾಲು ಎಂದು ಬೀಳುವ ಸರ್ಕಾರಿ ಶುಲ್ಕ, ಆದ್ದರಿಂದ ಬ್ಯಾಂಕ್ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಬಿಡಲಾಗದು. ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಅರ್ಜಿ ಹಾಕುವ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ನಾವು ಮುದ್ರಾಂಕಕ್ಕೆ ಅರ್ಧ ಪರ್ಸೆಂಟ್, ನೋಂದಣಿಗೆ ಶೇ 0.1 ಎಂದು ಇಟ್ಟುಕೊಂಡರೂ 40 ಲಕ್ಷಕ್ಕೆ 24,000 ಆಗುತ್ತದೆ.

ಹಳೆಯ ಠೇವಣಿಯ ಬಿಡುಗಡೆ, ಅಫಿಡವಿಟ್, ಇತರ ಚಿಲ್ಲರೆಗೆ 2,200 ಸೇರಿಸಿದರೆ ಒಟ್ಟು 44,000 ರೂಪಾಯಿ. ತಿಂಗಳಿಗೆ 2,345 ಉಳಿಯುವಲ್ಲಿ ಖರ್ಚು ಮರಳಿ ಬರಲು 19 ತಿಂಗಳು ಬೇಕು. ಇನ್ನೂ 15 ವರ್ಷ ಇರುವ ಸಾಲಕ್ಕೆ ಇದು ಒಳ್ಳೆಯ ವ್ಯಾಪಾರವೇ.

ಆದರೆ ಶೇ 8.25ರ ಆಯ್ಕೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿಗೂ ಇಲ್ಲಿಗೂ ಕಂತಿನ ವ್ಯತ್ಯಾಸ 580 ರೂಪಾಯಿ ಮಾತ್ರ. ಹೆಚ್ಚುವರಿ ಖರ್ಚು 44,000ದಲ್ಲಿ 5,900 ಕಳೆದರೆ 38,100. ಇದು ಮರಳಿ ಬರಲು 66 ತಿಂಗಳು, ಅಂದರೆ ಐದೂವರೆ ವರ್ಷ. ಅಷ್ಟರೊಳಗೆ ಮನೆ ಮಾರುವ ಯೋಚನೆ ಇದ್ದರೆ, ಅಥವಾ ನಿವೃತ್ತಿಯ ದುಡ್ಡು ಬಂದು ಸಾಲ ತೀರುವಂತಿದ್ದರೆ, ಇದ್ದಲ್ಲೇ ಇರುವುದು ಜಾಣತನ. ಪೂರ್ತಿ 15 ವರ್ಷ ಹೋಗುವವರಿಗೆ ಸುಮಾರು 66,000 ಉಳಿಯುತ್ತದೆ. ಓಡಾಟದ ಶ್ರಮಕ್ಕೆ ಅದು ಸಾಕೋ ಇಲ್ಲವೋ ಎಂಬುದು ಅವರವರಿಗೆ ಬಿಟ್ಟದ್ದು.

ಸಾಲದ ವಯಸ್ಸೂ ಮುಖ್ಯ. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲೇ ದೊಡ್ಡದು, ಕೊನೆಯ ವರ್ಷಗಳಲ್ಲಿ ಅಸಲಿನದು. 8 ಲಕ್ಷ ಅಸಲು, 4 ವರ್ಷ ಉಳಿದಿರುವ ಸಾಲವನ್ನು ಇದೇ ಶೇ 9ರಿಂದ 8ಕ್ಕೆ ಸಾಗಿಸಿದರೆ ಒಟ್ಟು ಉಳಿಯುವುದು 18,000 ಚಿಲ್ಲರೆ. ಖರ್ಚು ಹೆಚ್ಚುಕಡಿಮೆ ಅಷ್ಟನ್ನೂ ನುಂಗುತ್ತದೆ.

ಏಳು ಸಾವಿರದ ಗುಟ್ಟು

ಫೋನಿನ ಹುಡುಗ ಹೇಳಿದ್ದು 2,345 ಅಲ್ಲ, ಏಳು ಸಾವಿರ. ಅದೆಲ್ಲಿಂದ ಬಂತು? ಅವನು 40 ಲಕ್ಷವನ್ನು ಹೊಸ ಸಾಲವೆಂದು ಹಿಡಿದು ಹೊಸದಾಗಿ 20 ವರ್ಷಕ್ಕೆ ಹರಡಿದ್ದಾನೆ. ಆಗ ಕಂತು 33,458. ಇಳಿಕೆ 7,113 ರೂಪಾಯಿ, ಮಾತು ನಿಜ. ಆದರೆ 180 ಕಂತುಗಳ ಬದಲು 240 ಕಂತು. ಈಗಿನ ಸಾಲವನ್ನು ಶೇ 9ರಲ್ಲೇ ಕಟ್ಟುತ್ತಾ ಹೋದರೆ ಒಟ್ಟು ಕಟ್ಟುವುದು 73.03 ಲಕ್ಷ. ಶೇ 8ರ ಹೊಸ ಸಾಲದಲ್ಲಿ 80.30 ಲಕ್ಷ. ಬಡ್ಡಿ ದರ ಒಂದು ಪರ್ಸೆಂಟ್ ಇಳಿದೂ ಏಳು ಲಕ್ಷಕ್ಕಿಂತ ಹೆಚ್ಚು ದುಡ್ಡು ಕೈಬಿಟ್ಟಿತು. ಈಗಾಗಲೇ ದುಡಿದು ಕಳೆದ ಐದು ವರ್ಷವನ್ನು ಮತ್ತೆ ಹೆಗಲ ಮೇಲೆ ಹೊತ್ತುಕೊಂಡದ್ದರ ಬೆಲೆ ಇದು.

ಇದೇ ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು. ದಂಪತಿ ಈಗಾಗಲೇ 40,571 ಕಟ್ಟುವುದಕ್ಕೆ ಒಗ್ಗಿದ್ದಾರೆ. ಶೇ 8ಕ್ಕೆ ಸಾಗಿಸಿದ ಮೇಲೂ ಅಷ್ಟನ್ನೇ ಕಟ್ಟುತ್ತಾ ಹೋದರೆ ಸಾಲ 180 ತಿಂಗಳ ಬದಲು 162ನೆಯ ತಿಂಗಳಿಗೆ ಮುಗಿಯುತ್ತದೆ. ಒಂದೂವರೆ ವರ್ಷ ಮುಂಚೆಯೇ ಋಣಮುಕ್ತಿ, ಒಟ್ಟು ಉಳಿತಾಯ ಸುಮಾರು 7.6 ಲಕ್ಷ. ಒಂದೇ ದರ, ಒಂದೇ ಬ್ಯಾಂಕು. ಅವಧಿಯ ಕಾಲಂನಲ್ಲಿ ಏನು ಬರೆಸುತ್ತೀರಿ ಎಂಬುದರ ಮೇಲೆ ಏಳು ಲಕ್ಷ ಬರಬಹುದು, ಹೋಗಲೂಬಹುದು.

ಆದ್ದರಿಂದ ಅರ್ಜಿಯಲ್ಲಿ ಉಳಿದ ತಿಂಗಳುಗಳಷ್ಟೇ ಅವಧಿ ಬರೆಸಬೇಕು. ಸಹಿಗೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆಯನ್ನು ಕೇಳಿ ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ಇದನ್ನು ಕೊಡುವುದು ಕಡ್ಡಾಯ. ಬಡ್ಡಿ, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ನಮೂದಿಸಿರಬೇಕು. ಸಾಲದ ಜೊತೆಗೆ ವಿಮೆಯ ಕಂತನ್ನೂ ಸೇರಿಸಿ ಮೊತ್ತ ಹಿಗ್ಗಿಸಿದ್ದರೆ ಅದೂ ಇಲ್ಲಿ ಕಣ್ಣಿಗೆ ಬೀಳುತ್ತದೆ. ಟಾಪ್-ಅಪ್ ಸಾಲವನ್ನೂ ಜೊತೆಗೇ ಕೊಡುತ್ತೇವೆ ಎಂದಾಗ, ಅದರ ಬಡ್ಡಿ ಎಷ್ಟೆಂದು ಬೇರೆಯಾಗಿ ಕೇಳಬೇಕು.

ಕಾಗದದ ದಾರಿ

ಹೊಸ ಬ್ಯಾಂಕು ಕೇಳುವ ಕಾಗದಗಳು ಎರಡು ಕಂತೆ. ಮೊದಲನೆಯದು ನಿಮ್ಮದು: ಗುರುತಿನ ಮತ್ತು ವಿಳಾಸದ ದಾಖಲೆ, ಸಂಬಳದ ಚೀಟಿ, ಫಾರ್ಮ್ 16 ಅಥವಾ ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಪಾಸ್‌ಪುಸ್ತಕದ ವಿವರ, ಹಳೆಯ ಸಾಲದ ಮಂಜೂರಾತಿ ಪತ್ರ, ಕಂತು ಕಟ್ಟಿದ ಲೆಕ್ಕ. ಕಳೆದ ಒಂದು ವರ್ಷದಲ್ಲಿ ಕಂತು ತಪ್ಪಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು.

ಎರಡನೆಯ ಕಂತೆ ಮನೆಯದು: ಕ್ರಯಪತ್ರ, ಅದಕ್ಕೂ ಹಿಂದಿನ ಮೂಲ ಪತ್ರಗಳು, ಋಣಭಾರ ಪತ್ರ ಅಂದರೆ ಇಸಿ, ಖಾತೆ, ಕಂದಾಯ ರಸೀದಿ, ಮಂಜೂರಾದ ನಕ್ಷೆ. ವರ್ಗಾವಣೆ ಮುರಿದು ಬೀಳುವುದು ಹೆಚ್ಚಾಗಿ ಇಲ್ಲಿ. ಹಳೆಯ ಕಂಪನಿ ಒಪ್ಪಿದ ಕಾಗದವನ್ನು ಹೊಸ ಬ್ಯಾಂಕಿನ ವಕೀಲರು ಒಪ್ಪಲೇಬೇಕೆಂದಿಲ್ಲ. ಬೆಂಗಳೂರಿನ ಬಿ ಖಾತೆ ಮನೆಗಳು, ನಕ್ಷೆ ಮೀರಿ ಎಬ್ಬಿಸಿದ ಮಹಡಿ, ಇ-ಖಾತೆ ಇನ್ನೂ ಆಗದ ಆಸ್ತಿ, ಇವುಗಳಿಗೆ ಹಿಂದೆ ಹೆಚ್ಚು ಬಡ್ಡಿ ಬಿದ್ದದ್ದೇ ಕಾಗದ ದುರ್ಬಲವೆಂಬ ಕಾರಣಕ್ಕೆ ಇರಬಹುದು. ಅಂಥ ಸಾಲ ಸುಲಭಕ್ಕೆ ಕದಲುವುದಿಲ್ಲ. ಅದಕ್ಕಾಗಿ ಪ್ರೊಸೆಸಿಂಗ್ ಶುಲ್ಕ ಕಟ್ಟುವ ಮುಂಚೆಯೇ ಪತ್ರಗಳ ಜೆರಾಕ್ಸ್ ತೋರಿಸಿ, ವಕೀಲರ ಅಭಿಪ್ರಾಯ ಪ್ರತಿಕೂಲವಾದರೆ ಎಷ್ಟು ಹಣ ಮರಳುತ್ತದೆ ಎಂದು ಕೇಳಿಡಬೇಕು.

ಮಂಜೂರಾತಿ ಸಿಕ್ಕ ಮೇಲೆ ಹಳೆಯ ಕಂಪನಿಯಿಂದ ಎರಡು ಪತ್ರ ತರಬೇಕು. ಒಂದು ಫೋರ್‌ಕ್ಲೋಷರ್ ಪತ್ರ. ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಚುಕ್ತಾ, ತಡವಾದರೆ ದಿನಕ್ಕೆ ಇಷ್ಟು ಬಡ್ಡಿ ಎಂದು ಅದರಲ್ಲಿರುತ್ತದೆ. ಇನ್ನೊಂದು ಅವರ ಬಳಿ ಇರುವ ದಾಖಲೆಗಳ ಪಟ್ಟಿ, ಎಲ್‌ಒಡಿ. ಗ್ರಾಹಕ ಬಿಟ್ಟುಹೋಗುತ್ತಾನೆಂದು ತಿಳಿಯುವುದು ಈ ಪತ್ರ ಕೇಳಿದಾಗ. ಇನ್ನೂ ಕಡಿಮೆ ದರದ ಮಾತು ಆಗ ಬಂದರೆ ಆಶ್ಚರ್ಯಪಡಬೇಡಿ, ಕೇಳಿಸಿಕೊಳ್ಳಿ. ಬರಹದಲ್ಲಿ ಕೊಡಿ ಎನ್ನಿ.

ಮುಂದಿನ ಹೆಜ್ಜೆಯಲ್ಲಿ ಒಂದು ಸಣ್ಣ ಸೋರಿಕೆ ಇದೆ. ಹೊಸ ಬ್ಯಾಂಕು ಹಳೆಯ ಕಂಪನಿಯ ಹೆಸರಿಗೆ ಡಿಡಿ ಅಥವಾ ಚೆಕ್ ಬರೆದ ದಿನದಿಂದಲೇ ತನ್ನ ಬಡ್ಡಿಯ ಗಡಿಯಾರ ಶುರು ಮಾಡಬಹುದು. ಹಳೆಯ ಕಂಪನಿ ಹಣ ತನ್ನ ಖಾತೆಗೆ ಬೀಳುವವರೆಗೆ ತನ್ನ ಬಡ್ಡಿ ನಿಲ್ಲಿಸುವುದಿಲ್ಲ. ನಡುವಿನ ದಿನಗಳಿಗೆ ಎರಡೂ ಕಡೆ ಬಡ್ಡಿ. 40 ಲಕ್ಷಕ್ಕೆ ಶೇ 9ರಂತೆ ದಿನಕ್ಕೆ 986 ರೂಪಾಯಿ. ಡಿಡಿ ಹತ್ತು ದಿನ ಯಾರದೋ ಮೇಜಿನ ಮೇಲೆ ಕೂತರೆ ಹತ್ತು ಸಾವಿರದಷ್ಟು ಹೋಯಿತು. ಆರ್‌ಟಿಜಿಎಸ್ ಮೂಲಕ ಕಳಿಸಲು ಕೇಳಿ. ಡಿಡಿಯೇ ಆದರೆ ಅದೇ ದಿನ ನೀವೇ ಕೊಂಡೊಯ್ದು ಕೊಟ್ಟು ಸ್ವೀಕೃತಿ ಪಡೆಯಿರಿ. ತಿಂಗಳ ಕಂತು ಕಡಿತವಾಗುವ ದಿನಾಂಕವನ್ನೂ ನೋಡಿಕೊಳ್ಳಿ. ಫೋರ್‌ಕ್ಲೋಷರ್ ಪತ್ರ ಬಂದ ಮೇಲೆ ಒಂದು ಕಂತು ಕಡಿತವಾಗಿದ್ದರೆ ಅದು ವಾಪಸು ಬರಬೇಕಾದ ಹಣ.

ಪತ್ರ ಕೈಗೆ ಬರುವವರೆಗೆ

ಹಣ ಸಂದಾಯವಾದ ಮೇಲೆ ಒಂದು ಅಡ್ಡಗಾಲ ಬರುತ್ತದೆ. ಹೊಸ ಬ್ಯಾಂಕು ದುಡ್ಡು ಕೊಟ್ಟಾಗಿದೆ, ಮನೆಯ ಪತ್ರ ಇನ್ನೂ ಹಳೆಯವರ ತಿಜೋರಿಯಲ್ಲಿದೆ. ಮೊದಲು ವಾರಗಟ್ಟಲೆ ಅಲೆಸುತ್ತಿದ್ದುದಕ್ಕೆ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಕಡಿವಾಣ ಹಾಕಿತು. ಅದೇ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಿ, ನೋಂದಾಯಿತ ಭಾರವನ್ನು ತೆಗೆಯಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಕೊಡಬೇಕು. ಪತ್ರ ಕಳೆದಿದ್ದರೆ ದೃಢೀಕೃತ ನಕಲು ಪಡೆಯಲು ನೆರವಾಗಿ ಖರ್ಚನ್ನೂ ಭರಿಸಬೇಕು. ಅದಕ್ಕೆ ಇನ್ನೂ 30 ದಿನ ಕಾಲಾವಕಾಶ.

ಪತ್ರ ಪಡೆಯುವಾಗ ಎಲ್‌ಒಡಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೂ ತಾಳೆ ನೋಡಬೇಕು. ಕ್ರಯಪತ್ರದ ಎಲ್ಲ ಪುಟ ಇದೆಯೇ, ಮೂಲವೋ ನಕಲೋ ಎಂದು ನೋಡಿದ ಮೇಲೆಯೇ ಸಹಿ. ಬಾಕಿ ಇಲ್ಲವೆಂಬ ಪತ್ರ ಮತ್ತು ಚುಕ್ತಾ ಆದ ಲೆಕ್ಕವನ್ನೂ ಜೊತೆಗೆ ತನ್ನಿ. ಖಾಲಿ ಚೆಕ್ ಕೊಟ್ಟಿದ್ದರೆ ಮರಳಿ ಪಡೆಯಿರಿ, ಕಂತು ಕಡಿತದ ಆದೇಶವನ್ನು ರದ್ದು ಮಾಡಿಸಿ.

ಆ ಬಳಿಕ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ: ಹಳೆಯ ಠೇವಣಿಯ ಬಿಡುಗಡೆ, ಹೊಸದರ ನೋಂದಣಿ. ಇದರ ಜೊತೆಗೆ ಅಡಮಾನಗಳ ಕೇಂದ್ರ ದಾಖಲೆಯಾದ ಸರ್ಸಾಯಿಯಲ್ಲೂ ಹಳೆಯ ಕಂಪನಿ ತನ್ನ ಹಕ್ಕು ತೀರಿತೆಂದು ನಮೂದಿಸಬೇಕು. ಇದು ಮರೆತುಹೋದರೆ ತಕ್ಷಣಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ವರ್ಷದ ನಂತರ ಮನೆ ಮಾರಲು ಹೊರಟಾಗ, ಎಂದೋ ತೀರಿಸಿದ ಸಾಲ ಇಸಿಯಲ್ಲಿ ಇನ್ನೂ ಜೀವಂತವಾಗಿರುತ್ತದೆ.

ಆದ್ದರಿಂದ ಎಲ್ಲ ಮುಗಿಯಿತೆನಿಸಿದ ಎರಡು ತಿಂಗಳ ಮೇಲೆ ಹೊಸದಾಗಿ ಒಂದು ಇಸಿ ತೆಗೆಸಿ. ಹಳೆಯ ಠೇವಣಿಯ ಕೆಳಗೆ ಅದರ ಬಿಡುಗಡೆ, ಅದರ ಕೆಳಗೆ ಹೊಸ ಬ್ಯಾಂಕಿನ ಠೇವಣಿ, ಈ ಮೂರೂ ಸಾಲು ಕಾಣಬೇಕು. ಸಿಬಿಲ್ ವರದಿಯಲ್ಲಿ ಹಳೆಯ ಸಾಲ ಮುಚ್ಚಿದೆ ಎಂದಿರಬೇಕು. ಕೊನೆಯದಾಗಿ ಹೊಸ ಬ್ಯಾಂಕಿನಿಂದ ಕಂತುಗಳ ಪಟ್ಟಿ ತರಿಸಿ ಅದರ ಕಡೆಯ ಸಾಲು ನೋಡಿ. ಅಲ್ಲಿ 180ನೆಯ ಕಂತೋ ಅದಕ್ಕಿಂತ ಮುಂಚಿನದೋ ಇದ್ದರೆ ಸಾಲ ಸಾಗಿಸಿದ್ದು ಸಾರ್ಥಕ. 240 ಎಂದಿದ್ದರೆ, ಅವಧಿ ತಗ್ಗಿಸಿ ಎಂದು ಅಂದೇ ಅರ್ಜಿ ಬರೆಯಿರಿ.